ಮೇಲಿನ ಮನೆಯ ರಾಯರಿಗೆ ಎರಡು ಸಾಲಿನ ಹುಟ್ಟುಹಬ್ಬದ ಶುಭಾಶಯ: ಹೇಗೆ ಬರೆದರೆ ಸರಿ?

ಕೆಳಮನೆ102
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಎಲ್ಲರೂ ‘ರಾಯರು’ ಅಂತಲೇ ಕರೆಯುವುದು. ಮೆಟ್ಟಿಲಲ್ಲಿ ಸಿಕ್ಕರೆ ನಮಸ್ಕಾರ, ನೀರು ಬಂತಾ, ಇಷ್ಟೇ ಪರಿಚಯ. ಬರುವ ವಾರ ಅವರ ಹುಟ್ಟುಹಬ್ಬ. ಫೋನ್ ಮಾಡುವಷ್ಟು ಸಲಿಗೆಯಿಲ್ಲ, ಸುಮ್ಮನಿರಲೂ ಮನಸ್ಸಿಲ್ಲ. ವಾಟ್ಸಾಪಿನಲ್ಲಿ ಕಳಿಸೋಣ ಅಂತ ಹೀಗೆ ಬರೆದಿಟ್ಟಿದ್ದೇನೆ:

“ಆತ್ಮೀಯ ಶ್ರೀ ರಾಯರು ರವರಿಗೆ ಹುಟ್ಟು ಹಬ್ಬದ ಹಾರ್ಧಿಕ ಶುಭಾಷಯಗಳು. ಆ ದೇವರು ತಮಗೆ ಆಯುರಾರೋಗ್ಯ ಐಶ್ವರ್ಯ ಸಕಲ ಸನ್ಮಂಗಳವನ್ನು ಕರುಣಿಸಲಿ. ನೂರು ವರ್ಷ ಸುಖವಾಗಿ ಬಾಳಿ ಎಂದು ಹಾರೈಸುವ, ಇತಿ ನಿಮ್ಮ ಪ್ರೀತಿಯ.”

ಎಲ್ಲೋ ಅತಿಯಾಯಿತು ಅನ್ನಿಸುತ್ತಿದೆ. ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ಮೇಷ್ಟ್ರು ಬೇರೆ, ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯುತ್ತಾರೆ.

ಕಾಗುಣಿತ
ಕೆಂಪು ಪೆನ್ನು ನಾನೇ ಮೊದಲು ಹಿಡಿಯುತ್ತೇನೆ. ಈ ಎರಡು ಮೂರು ಸಾಲಿನಲ್ಲಿ ಅಕ್ಷರದ ತಪ್ಪೇ ಮೂರಿದೆ, ಮೂರೂ ಊರಿಗೆಲ್ಲ ಅಂಟಿದ ತಪ್ಪುಗಳು.

‘ಶುಭಾಷಯ’ ಅಲ್ಲ, ‘ಶುಭಾಶಯ’. ಶುಭ ಮತ್ತು ಆಶಯ ಸೇರಿ ಆದ ಪದ, ಆಶಯದಲ್ಲಿ ಇರುವುದು ಶಂಕರನ ಶ. ಭಾಷೆ, ಭಾಷಣ ಬರೆದು ರೂಢಿಯಾದ ಕೈ ‘ಭಾ’ ಬಂದ ಕೂಡಲೇ ತಾನಾಗಿ ‘ಷ’ಕ್ಕೆ ಹೋಗುತ್ತದೆ, ಅದೇ ಕಾರಣ. ‘ಹಾರ್ಧಿಕ’ ಅಲ್ಲ, ‘ಹಾರ್ದಿಕ’. ಅದು ಹೃದಯದಿಂದ ಬಂದದ್ದು, ಹೃದಯದಲ್ಲಿ ಮಹಾಪ್ರಾಣ ಎಲ್ಲಿದೆ? ಬಾಯಲ್ಲಿ ಅರ್ಧ, ಅರ್ಧ ಅಂತ ಓಡಾಡುವ ‘ರ್ಧ’ ಇಲ್ಲಿ ಬಂದು ಕೂತಿದೆ. ಇನ್ನು ‘ಹುಟ್ಟುಹಬ್ಬ’ ಒಂದೇ ಪದ. ಬಿಡಿಸಿ ಬರೆದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಮೇಷ್ಟ್ರ ಕಣ್ಣಿಗೆ ಬೀಳುತ್ತದೆ.

ಫೋನಿನ ಕೀಬೋರ್ಡನ್ನು ನಂಬಬೇಡಿ. ನೀವು ಹಿಂದೆ ತಪ್ಪಾಗಿ ಟೈಪಿಸಿದ್ದನ್ನೇ ಅದು ಕಲಿತುಕೊಂಡು ಮುಂದೆ ಅದನ್ನೇ ಮೊದಲು ಸೂಚಿಸುತ್ತದೆ. ‘ಶುಭಾಷಯ’ ಸೂಚನೆಯಲ್ಲಿ ಬಂದರೆ ಅದರ ಮೇಲೆ ಬೆರಳು ಒತ್ತಿ ಹಿಡಿದು ತೆಗೆದುಹಾಕಿ.

ಬ್ಯಾನರ್ ಬಸವ
ಇಷ್ಟಕ್ಕೆಲ್ಲ ಚಿಂತೆ ಯಾಕೆ ಸಾರ್? ರೆಡಿ ಇದೆ ತಗೊಳ್ಳಿ: “ನೇರ ನುಡಿಯ, ನಿಷ್ಠಾವಂತ, ಸರಳ ಸಜ್ಜನಿಕೆಯ, ಬಡವರ ಬಂಧು ರಾಯರಿಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು. ಶುಭ ಕೋರುವವರು: ಕೆಳಮನೆ 102 ಗೆಳೆಯರ ಬಳಗ.” ಹಿಂದೆ ಹಳದಿ ಕೆಂಪು ಬಣ್ಣ, ಮೂಲೆಯಲ್ಲಿ ನಿಮ್ಮ ಫೋಟೋ. 4 ಅಡಿ, 6 ಅಡಿ ಸಾಕು.

ಕೆಳಮನೆ102
ಮೆಟ್ಟಿಲ ಮೇಲೆ ಫ್ಲೆಕ್ಸ್ ಕಟ್ಟಲು ಜಾಗವಿಲ್ಲ ಬಸವಣ್ಣ. ಮೆಸೇಜು ಅಂದೆ.

ಕಾಗುಣಿತ
ಬಸವ ಅವರು ತಪ್ಪಿ ಹೇಳಿದರೂ ಒಂದು ಮುಖ್ಯ ವಿಷಯಕ್ಕೆ ದಾರಿ ಮಾಡಿಕೊಟ್ಟರು. ಕೆಳಮನೆಯವರ ಕರಡು ಅತಿಯಾಯಿತು ಅನ್ನಿಸುವುದು ಇದಕ್ಕೇ. ಅದರಲ್ಲಿ ಮೂರು ಬೇರೆ ಬೇರೆ ಕಡೆಯ ಮಾತುಗಳು ಒಟ್ಟಿಗೆ ಬಂದಿವೆ. ‘ಹಾರ್ದಿಕ ಶುಭಾಶಯಗಳು’ ಫ್ಲೆಕ್ಸಿನಿಂದ, ‘ಆಯುರಾರೋಗ್ಯ ಐಶ್ವರ್ಯ ಸಕಲ ಸನ್ಮಂಗಳ’ ಪುರೋಹಿತರ ಆಶೀರ್ವಾದದಿಂದ, ‘ಇತಿ ನಿಮ್ಮ ಪ್ರೀತಿಯ’ ಸೋದರಮಾವನಿಗೆ ಬರೆಯುವ ಕಾಗದದಿಂದ. ಒಂದೊಂದೂ ಅದರದರ ಜಾಗದಲ್ಲಿ ಚೆಂದ. ಮೆಟ್ಟಿಲ ಪರಿಚಯಕ್ಕೆ ಮೂರೂ ದೊಡ್ಡವು.

ಅಷ್ಟು ದೂರದ ಪರಿಚಯದವರಿಗೆ ನಾಲ್ಕು ತುಂಡು ಸಾಕು: ಕರೆಯುವ ಮಾತು, ಶುಭಾಶಯ, ಒಂದೇ ಒಂದು ಹಾರೈಕೆ, ನೀವು ಯಾರು ಅನ್ನುವುದು. ನಾಲ್ಕನೆಯದನ್ನೇ ಎಲ್ಲರೂ ಮರೆಯುವುದು. ರಾಯರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿದೆಯೇ? ಆಗಿಲ್ಲದಿದ್ದರೆ ಅವರಿಗೆ ಕಾಣುವುದು ಹತ್ತು ಅಂಕಿ ಮಾತ್ರ. ಪ್ರೊಫೈಲಿನಲ್ಲಿ ನೀವು ಮಗುವಿನ ಚಿತ್ರವನ್ನೋ ಗಣಪತಿಯನ್ನೋ ಇಟ್ಟಿದ್ದರೆ ಅದೂ ಉಪಯೋಗಕ್ಕೆ ಬರುವುದಿಲ್ಲ. ‘ನಿಮ್ಮ ಪ್ರೀತಿಯ’ ಅಂತ ಹೆಸರಿಲ್ಲದ ಸಂದೇಶ ಬಂದರೆ ಮನೆಯಲ್ಲಿ ಬೇರೆಯೇ ಪ್ರಶ್ನೆ ಏಳಬಹುದು.

ಹಳೆಬೇರು
ನನ್ನ ಆಕ್ಷೇಪ ಮೂಲದಲ್ಲೇ ಇದೆ. ಈ ‘ಹುಟ್ಟುಹಬ್ಬ’ ಎಂಬುದು ಕೇಕಿನ ಜೊತೆ ಬಂದ ಮಾತು. ಹಿರಿಯರಿಗೆ ಶುದ್ಧವಾಗಿ ‘ವರ್ಧಂತಿಯ ಶುಭಾಶಯಗಳು’ ಎನ್ನಬೇಕು. ಮೈಸೂರಿನಲ್ಲಿ ಆಷಾಢದಲ್ಲಿ ಚಾಮುಂಡೇಶ್ವರಿ ವರ್ಧಂತಿ ನಡೆಯುವುದಿಲ್ಲವೇ? ಅರಸರ ಹುಟ್ಟಿದ ದಿನವನ್ನೂ ವರ್ಧಂತಿ ಎಂದೇ ಕರೆಯುತ್ತಿದ್ದರು. ವೃದ್ಧಿ ಎಂಬ ಅರ್ಥವಿದೆ ಅದರಲ್ಲಿ. ಅದು ಬೇಡವಾದರೆ ‘ಜಯಂತಿ’ ಎನ್ನಿ. ಎರಡೂ ಗೌರವದ ಮಾತು.

ಕಾಗುಣಿತ
ವರ್ಧಂತಿಯ ಬಗ್ಗೆ ನೀವು ಹೇಳಿದ ಅರ್ಥ ಸರಿ, ಕನ್ನಡದಲ್ಲಿ ಅದು ಶುಭದ ಪದವೇ. ಆದರೆ ಈಗ ದೇವಸ್ಥಾನದ ಪ್ರತಿಷ್ಠಾ ವರ್ಧಂತಿ, ಅರಮನೆ, ಮಠ, ಅಷ್ಟರಲ್ಲೇ ಉಳಿದಿದೆ. ಮೆಟ್ಟಿಲಲ್ಲಿ ನೀರಿನ ವಿಚಾರ ಮಾತಾಡುವವರಿಗೆ ಹಾಗೆ ಬರೆದರೆ ತಮಾಷೆ ಮಾಡಿದ ಹಾಗೆ ಕೇಳುತ್ತದೆ.

ಜಯಂತಿ ಮಾತ್ರ ಖಂಡಿತ ಬೇಡ. ಗಾಂಧಿ ಜಯಂತಿ, ಬಸವ ಜಯಂತಿ, ಕನಕ ಜಯಂತಿ ಅಂತ ನಾವು ಅನ್ನುವುದು ಈಗ ನಮ್ಮ ನಡುವೆ ಇಲ್ಲದ ಮಹನೀಯರಿಗೆ. ಬದುಕಿರುವವರಿಗೆ ‘ಜಯಂತಿಯ ಶುಭಾಶಯ’ ಎಂದರೆ ಪಕ್ಕದಲ್ಲೇ ಹಾರ ಹಾಕಿದ ಫೋಟೋ ಕಣ್ಣಿಗೆ ಬರುತ್ತದೆ.

ಹುಟ್ಟು ಅಪ್ಪಟ ಕನ್ನಡದ ಪದ, ಹಬ್ಬ ಸಂಸ್ಕೃತದ ‘ಪರ್ವ’ದಿಂದ ಬಂದು ಕನ್ನಡವೇ ಆಗಿಹೋದ ಪದ. ಕೇಕನ್ನು ದೂರಿ, ಪದವನ್ನು ಬಿಡಿ.

ಬಳ್ಳಾರಿ ಬಿಸಿಲು
ವರ್ಧಂತಿ ವಿಚಾರ ಬಂದದ್ದು ಒಳ್ಳೆಯದಾಯಿತು. ನಮ್ಮ ಪಕ್ಕದ ಮನೆಯವರು ತೆಲುಗಿನವರು, ಕನ್ನಡ ಓದುತ್ತಾರೆ. ಅವರಿಗೂ ಹಾಗೆ ಬರೆಯಬಹುದೇ?

ಕಾಗುಣಿತ
ಬೇಡವೇ ಬೇಡ! ತೆಲುಗಿನಲ್ಲಿ ವರ್ಧಂತಿ ಎಂದರೆ ತೀರಿಕೊಂಡವರ ಪುಣ್ಯದಿನ. ಅಕ್ಷರ ಒಂದೇ, ಅರ್ಥ ತಲೆಕೆಳಗು. ಬಳ್ಳಾರಿ, ರಾಯಚೂರು, ಕೋಲಾರ, ಬೆಂಗಳೂರು, ಎಲ್ಲೆಲ್ಲಿ ಎರಡೂ ಭಾಷೆ ಅಕ್ಕಪಕ್ಕ ಇವೆಯೋ ಅಲ್ಲೆಲ್ಲ ಆ ಪದವನ್ನು ಮುಟ್ಟದಿರುವುದು ಕ್ಷೇಮ. ‘ಹುಟ್ಟುಹಬ್ಬದ ಶುಭಾಶಯಗಳು’ ಅವರಿಗೂ ಅರ್ಥವಾಗುತ್ತದೆ. ಅವರ ಭಾಷೆಯಲ್ಲೇ ಹೇಳಬೇಕೆಂದಿದ್ದರೆ ‘ಪುಟ್ಟಿನ ರೋಜು ಶುಭಾಕಾಂಕ್ಷಲು’ ಅನ್ನಿ.

ಹಳೆಬೇರು
ತೆಲುಗಿನ ವಿಷಯ ನನ್ನ ಗಮನದಲ್ಲಿರಲಿಲ್ಲ. ಆದರೂ ಪದವೇನೂ ತಪ್ಪು ಮಾಡಿಲ್ಲ.

ಅಂಚೆಪೆಟ್ಟಿಗೆ
‘ರಾಯರು ರವರಿಗೆ’ ಅನ್ನುವುದನ್ನು ಯಾರೂ ಹಿಡಿಯಲಿಲ್ಲವಲ್ಲ! ‘ರವರು’ ಅನ್ನುವ ಪದವೇ ಕನ್ನಡದಲ್ಲಿ ಇಲ್ಲ. ‘ಅಧ್ಯಕ್ಷರು’ ಜೊತೆ ‘ಅವರು’ ಸೇರಿ ‘ಅಧ್ಯಕ್ಷರವರು’ ಆಗುತ್ತದೆ, ಅಲ್ಲಿನ ‘ರ’ ಅಧ್ಯಕ್ಷರದ್ದು. ಅದನ್ನು ತಪ್ಪಾಗಿ ಕತ್ತರಿಸಿ, ‘ರವರು’ ಒಂದು ಬಾಲ ಅಂದುಕೊಂಡು ಕಂಡ ಹೆಸರಿಗೆಲ್ಲ ಅಂಟಿಸಿದ್ದೇವೆ. ‘ಸುಧಾರವರಿಗೆ’ ಅಲ್ಲ, ‘ಸುಧಾ ಅವರಿಗೆ’. ಇಲ್ಲಿ ‘ರಾಯರಿಗೆ’ ಅಂದರೆ ಮುಗಿಯಿತು. ಗೌರವ ‘ರಾಯರು’ ಎಂಬುದರಲ್ಲೇ ಇದೆ, ಅದರ ಮೇಲೆ ‘ಶ್ರೀ’ ಹಾಕಿ, ಕೆಳಗೆ ‘ಅವರು’ ಹಾಕಿ, ಕೊನೆಗೆ ‘ತಮಗೆ’ ಅಂದರೆ ಒಬ್ಬರಿಗೆ ನಾಲ್ಕು ಶಾಲು ಹೊದೆಸಿದ ಹಾಗೆ.

ಕಡತ ಗುಮಾಸ್ತೆ
ಸರ್ಕಾರಿ ಪತ್ರಗಳಲ್ಲೆಲ್ಲ ‘ತಹಶೀಲ್ದಾರ್ ರವರಿಗೆ’ ಎಂದೇ ಇರುತ್ತದೆ. ಅಷ್ಟು ಜನ ಬರೆಯುವುದು ತಪ್ಪೇ?

ಅಂಚೆಪೆಟ್ಟಿಗೆ
ರೂಢಿ ಅನ್ನಿ, ಜಗಳವಿಲ್ಲ. ಆದರೆ ಹುಟ್ಟುಹಬ್ಬದ ಸಂದೇಶ ತಹಶೀಲ್ದಾರರ ಕಚೇರಿಯಿಂದ ಬಂದ ನೋಟಿಸಿನ ಹಾಗೆ ಕೇಳಬಾರದಲ್ಲ.

ಇದರ ಜೊತೆಗೇ ಇನ್ನೊಂದು. ಹೆಸರು ಹಿಡಿದು ಕರೆಯುವಾಗ ‘ಅವರೇ’ ಅಂತ ದೀರ್ಘ ಹಾಕಿ. ‘ಸುಧಾ ಅವರೆ’ ಎಂದು ಹ್ರಸ್ವದಲ್ಲಿ ಬರೆಯುವವರೂ ಇದ್ದಾರೆ, ಅದು ತಪ್ಪೇನೂ ಅಲ್ಲ. ಆದರೆ ಡಿಸೆಂಬರ್ ಜನವರಿಯಲ್ಲಿ ಹಾಗೆ ಬರೆದರೆ ಓದುವವರ ಮೂಗಿಗೆ ಸೊಗಡು ಬರುತ್ತದೆ.

ಧಾರವಾಡ ಪೇಢೆ
ಏನ್ರೀ ಇದು, ಎರಡ ಸಾಲಿಗೆ ಇಷ್ಟ ತಲಿ ಕೆಡಿಸ್ಕೋತೀರಿ? ನಮ್ಮ ಕಡೆ ಆದ್ರ “ರಾಯರ, ಹುಟ್ಟಿದ ಹಬ್ಬದ ಶುಭಾಶಯ ರೀ. ಆರಾಮ ಇರ್ರಿ” ಅಂದ್ರ ಮುಗೀತು. ‘ರೀ’ ಒಳಗ ನಿಮ್ಮ ಶ್ರೀ, ತಾವು, ಅವರು ಎಲ್ಲಾ ಬಂದ್ವು.

ಕಾಗುಣಿತ
ಇಡೀ ಚರ್ಚೆಯಲ್ಲಿ ಅತ್ಯುತ್ತಮ ಸಂದೇಶ ಇದೇ ಎಂದರೂ ನಡೆಯುತ್ತದೆ. ಮಾತಾಡುವ ಹಾಗೇ ಬರೆದಿದೆ, ಒಂದೇ ಹಾರೈಕೆ ಇದೆ. ಆದರೆ ಕೆಳಮನೆಯವರು ಆ ಕಡೆಯವರಲ್ಲದಿದ್ದರೆ ‘ರೀ’ ಬಳಸದಿರುವುದು ಮೇಲು. ಮೈಸೂರು ಕಡೆ ಕಿವಿಗೆ ಬರೀ ‘ರೀ’ ಸ್ವಲ್ಪ ಬಿರುಸು. ಧಾರವಾಡದಲ್ಲಿ ಅದು ಮೆತ್ತಗೆ.

ತುಂಗಾತೀರ
ನಾನು ಹೇಳಬೇಕೆಂದಿದ್ದು ಹಾರೈಕೆಯ ಸಾಲಿನ ಬಗ್ಗೆ. ‘ನೂರು ವರ್ಷ ಬಾಳಿ’ ಎನ್ನುವುದು ಮೂವತ್ತರವರಿಗೆ ಸರಿ. ಎಪ್ಪತ್ತು ದಾಟಿದವರಿಗೆ ಹೇಳಿದರೆ ಉಳಿದದ್ದನ್ನು ಎಣಿಸಿಕೊಟ್ಟ ಹಾಗೆ. ತೊಂಬತ್ತೈದರವರಿಗೆ ಹೇಳಿದರಂತೂ ಇನ್ನೈದೇ ವರ್ಷ ಅಂತ ಗಡುವು ಕೊಟ್ಟ ಹಾಗೆ. ವಯಸ್ಸಿನ ಅಂಕಿಯೂ ಬೇಡ, ವರ್ಷದ ಲೆಕ್ಕವೂ ಬೇಡ. ಅಂಕಿ ಹಾಕಿದರೆ ಇನ್ನೊಂದು ತೊಡಕಿದೆ. 70 ತುಂಬಿದ ದಿನವನ್ನು ನೀವು 70ನೇ ಹುಟ್ಟುಹಬ್ಬ ಅನ್ನುತ್ತೀರಿ, ಅವರ ಮನೆಯಲ್ಲಿ 71ಕ್ಕೆ ಬಿತ್ತು ಅನ್ನುತ್ತಾರೆ. ಎರಡೂ ಸರಿಯೇ, ಆದರೆ ವಿಷಯ ಆರೋಗ್ಯ ಬಿಟ್ಟು ಗಣಿತಕ್ಕೆ ಹೋಗುತ್ತದೆ.

ಎರಡನೆಯದು, ‘ಬಾಳಿ’ ಅನ್ನುವ ಕ್ರಿಯಾಪದ. ಕಿರಿಯರು ಹಿರಿಯರಿಗೆ ‘ಹೀಗಿರಿ, ಹಾಗೆ ಬಾಳಿ’ ಎಂದು ನೇರವಾಗಿ ಹೇಳಿದರೆ ತಲೆಯ ಮೇಲೆ ಕೈಯಿಟ್ಟು ಹರಸಿದಂತೆ ಆಗುತ್ತದೆ. ಕನ್ನಡದಲ್ಲಿ ಇದಕ್ಕೆ ಸುಲಭ ದಾರಿ ‘ಇರಲಿ’ ಎಂಬ ರೂಪ. ‘ಆರೋಗ್ಯವಾಗಿ ಬಾಳಿ’ ಎನ್ನುವ ಬದಲು ‘ಆರೋಗ್ಯ ಚೆನ್ನಾಗಿರಲಿ’ ಎನ್ನಿ. ಈಗ ನೀವು ಅವರಿಗೆ ಏನನ್ನೂ ಹೇಳುತ್ತಿಲ್ಲ, ಆರೋಗ್ಯದ ಬಗ್ಗೆ ಆಶಿಸುತ್ತಿದ್ದೀರಿ. ಹರಸುವ ಗತ್ತು ತಾನಾಗಿ ಹೋಗುತ್ತದೆ.

ಹಳೆಬೇರು
ಇದೇ ಕಾರಣಕ್ಕೆ ‘ಹಾರೈಸುತ್ತೇನೆ’ ಎನ್ನುವುದೂ ತಪ್ಪು. ಹಾರೈಕೆ ಹಿರಿಯರಿಂದ ಕಿರಿಯರಿಗೆ. ಕಿರಿಯರು ‘ಪ್ರಾರ್ಥಿಸುತ್ತೇನೆ’ ಎನ್ನಬೇಕು.

ತುಂಗಾತೀರ
ಅದು ‘ಹರಸು’. ಹರಕೆ, ಹರಸು ಎಂಬಲ್ಲಿ ಮೇಲಿನಿಂದ ಕೆಳಗೆ ಬರುವ ಭಾವ ಇದೆ, ಒಪ್ಪುತ್ತೇನೆ. ‘ಹಾರೈಸು’ ಬಯಸುವುದು ಅಷ್ಟೇ, ಯಾರು ಯಾರಿಗೂ ಹಾರೈಸಬಹುದು.

ಹಳೆಬೇರು
ನಮ್ಮ ಕಡೆ ಕಿರಿಯರು ಹಿರಿಯರಿಗೆ ಹಾರೈಸುವುದಿಲ್ಲ. ಇಷ್ಟೇ.

ಅಂಚೆಪೆಟ್ಟಿಗೆ
ಇಬ್ಬರೂ ಇದನ್ನು ಇನ್ನೊಂದು ಎಳೆಯಲ್ಲಿ ಮುಂದುವರಿಸಿ. ‘ಇರಲಿ’ ಅಂತ ಮುಗಿಸಿದರೆ ಹಾರೈಸುವ ಮಾತೇ ಬೇಕಾಗಿಲ್ಲ.

ಸೊಸೆಮುದ್ದು
ಇಲ್ಲಿ ನನ್ನದೊಂದು ಸೇರಿಸಲೇ? ನಮ್ಮ ಎದುರುಮನೆ ಅಂಕಲ್‌ಗೆ 60. ಕಾರ್ಡಿನ ಮೇಲೆ ‘ಷಷ್ಠಿ ಪೂರ್ತಿಯ ಶುಭಾಶಯಗಳು’ ಅಂತ ಬರೆಸುತ್ತಿದ್ದೇವೆ. ಸರಿಯಾ?

ಕಾಗುಣಿತ
ಅಚ್ಚಿಗೆ ಕೊಡುವ ಮೊದಲು ಕೇಳಿದಿರಿ, ಬಚಾವು. ‘ಷಷ್ಠಿ’ ಎಂದರೆ ಆರನೆಯದು, ಸುಬ್ರಹ್ಮಣ್ಯ ಷಷ್ಠಿಯ ಷಷ್ಠಿ. ‘ಷಷ್ಟಿ’ ಎಂದರೆ ಅರವತ್ತು. ಕೆಳಗಿನ ಒತ್ತಕ್ಷರ ಟ, ಠ ಅಲ್ಲ. ‘ಷಷ್ಟಿಪೂರ್ತಿ’ ಅಥವಾ ‘ಷಷ್ಟ್ಯಬ್ದಿ’. ಒಂದು ಒತ್ತಿನಲ್ಲಿ ಅರವತ್ತರ ಅಂಕಲ್ ಆರಕ್ಕೆ ಇಳಿಯುತ್ತಾರೆ.

ಇನ್ನೊಂದು, ಷಷ್ಟ್ಯಬ್ದಿಯನ್ನು ಶಾಂತಿ, ಹೋಮ ಮಾಡಿ ಆಚರಿಸುವ ಮನೆಯೋ ಎಂದು ಗೊತ್ತಿದ್ದರೆ ಮಾತ್ರ ಆ ಪದ. ಗೊತ್ತಿಲ್ಲದಿದ್ದರೆ ‘ಅರವತ್ತರ ಶುಭಾಶಯಗಳು’ ಎಂದರೆ ಎಲ್ಲರಿಗೂ ಹೊಂದುತ್ತದೆ. ಹಾಗೇ ‘ಅಭಿನಂದನೆಗಳು’ ಬೇಡ. ಅದು ಏನಾದರೂ ಸಾಧಿಸಿದವರಿಗೆ. ಅರವತ್ತಾಗುವುದಕ್ಕೆ ಅವರೇನೂ ವಿಶೇಷ ಮಾಡಬೇಕಾಗಿ ಬರಲಿಲ್ಲ.

ತುಂಗಾತೀರ
ಕೆಳಮನೆಯವರೇ, ಮೂಲ ವಿಷಯಕ್ಕೆ. ರಾಯರ ಹುಟ್ಟುಹಬ್ಬ ಯಾವತ್ತು, ನಿಮಗೆ ಹೇಗೆ ಗೊತ್ತಾಯಿತು?

ಕೆಳಮನೆ102
ಜೂನ್ 1. ಅಸೋಸಿಯೇಷನ್ನಿನವರು ಮನೆಮನೆಯ ಮಾಹಿತಿ ಬರೆಸಿಕೊಂಡ ಪಟ್ಟಿಯಲ್ಲಿ ಇತ್ತು.

ತುಂಗಾತೀರ
ಅಂದುಕೊಂಡೆ. ಎಪ್ಪತ್ತು ದಾಟಿದವರು, ಜೂನ್ 1, ಗುರುತಿನ ಚೀಟಿ ನೋಡಿ ಬರೆದ ಪಟ್ಟಿ. ಇದು ಶಾಲೆಯ ಹುಟ್ಟುಹಬ್ಬ ಆಗಿರುವ ಸಾಧ್ಯತೆ ಹೆಚ್ಚು.

ಆ ಕಾಲದಲ್ಲಿ ಹಳ್ಳಿಯಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಜನನ ಪತ್ರ ಬಹಳ ಮಂದಿಗೆ ಇರುತ್ತಿರಲಿಲ್ಲ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಮಗುವನ್ನು ಕರೆತಂದ ತಂದೆಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್‌ಮೇಷ್ಟ್ರು ಸೇರಿಸಲು ಸರಿಹೋಗುವ ವರ್ಷ ಹಿಡಿದು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ನೌಕರಿಗೆ, ಪಿಂಚಣಿಗೆ, ಆಧಾರಿಗೆ. ನಿಮ್ಮ ರಾಯರು ಸ್ವತಃ ಮೇಷ್ಟ್ರು, ಬೇರೆಯವರಿಗೆ ಎಷ್ಟು ಜೂನ್ 1 ಬರೆದಿದ್ದಾರೋ!

ಇದರ ಗುರುತು ಸುಲಭ. ಜೂನ್ 1 ಆಗಿದ್ದು, ಅದೇ ಕುಟುಂಬದ ಅಣ್ಣತಮ್ಮಂದಿರೂ ಜೂನ್ 1ಕ್ಕೇ ಹುಟ್ಟಿದ್ದರೆ ಅನುಮಾನವೇ ಬೇಡ. ಜುಲೈ 1, ಜನವರಿ 1 ಕೂಡ ಆಗಾಗ ಹೀಗೇ.

ಕೆಳಮನೆ102
ಹಾಗಿದ್ದರೆ ಕಳಿಸುವುದೇ ಬೇಡವೇ?

ಅಂಚೆಪೆಟ್ಟಿಗೆ
ನಿಜವಾಗಿ ಜೂನ್ 1ಕ್ಕೆ ಹುಟ್ಟಿದವರೂ ಇದ್ದಾರೆ, ಪಾಪ. ಅವರು ಏನು ಹೇಳಿದರೂ ಯಾರೂ ನಂಬುವುದಿಲ್ಲ.

ತುಂಗಾತೀರ
ಕೇಳಿ ತಿಳಿದುಕೊಳ್ಳಿ, ನೇರವಾಗಿ ಅಲ್ಲ, ಮಗನನ್ನೋ ಸೊಸೆಯನ್ನೋ. ಕೇಳುವಾಗ ಒಂದು ಎಚ್ಚರ. ಕೆಲವು ಮನೆಗಳಲ್ಲಿ ಹಿರಿಯರ ಹುಟ್ಟುಹಬ್ಬವನ್ನು ತಾರೀಖಿಗಲ್ಲ, ಚಾಂದ್ರಮಾನದ ಮಾಸ ಮತ್ತು ನಕ್ಷತ್ರ ನೋಡಿ ಮಾಡುತ್ತಾರೆ. ಅಂತ ‘ರಾಯರ ತಿಥಿ ಯಾವಾಗ?’ ಎಂದು ಮಾತ್ರ ಕೇಳಿಬಿಡಬೇಡಿ. ಪಂಚಾಂಗದಲ್ಲಿ ತಿಥಿ ಬರೀ ದಿನ. ಮಾತಿನಲ್ಲಿ ತಿಥಿ ಎಂದರೆ ಶ್ರಾದ್ಧ. ‘ಜನ್ಮನಕ್ಷತ್ರ ಯಾವತ್ತು ಬರುತ್ತೆ?’ ಎಂದರೆ ಸರಿ.

ಅವರು ನಕ್ಷತ್ರಕ್ಕೆ ಆಚರಿಸುವವರಾದರೆ ಈ ವರ್ಷದ ತಾರೀಖನ್ನು ಕ್ಯಾಲೆಂಡರಿನಲ್ಲಿ ಶಾಶ್ವತ ನೆನಪಾಗಿ ಹಾಕಿಕೊಂಡು ಮುಂದಿನ ವರ್ಷವೂ ಅದೇ ದಿನ ಕಳಿಸಬೇಡಿ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ದಿನ ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿಯೇ ಹಾಕಿಕೊಳ್ಳಬೇಕು.

ನದೀಮ್ ನೆರೆಯವ
ಇದೇ ಸಂದರ್ಭದಲ್ಲಿ ಒಂದು ಮಾತು. ಬೇರೆ ಧರ್ಮದ ನೆರೆಯವರಿಗೆ ಬರೆಯುವಾಗ ನಿರ್ದಿಷ್ಟ ದೇವರ ಹೆಸರು, ನಕ್ಷತ್ರದ ಮಾತು ಎಳೆದು ತರದಿದ್ದರೆ ಆಯಿತು. ‘ದೇವರು ಒಳ್ಳೆಯದು ಮಾಡಲಿ’ ಎಲ್ಲರಿಗೂ ಹೊಂದುತ್ತದೆ, ದೇವರೂ ಬೇಡವೆಂದರೆ ‘ನೆಮ್ಮದಿ ಇರಲಿ’. ಮುಸಲ್ಮಾನರಲ್ಲಿ ಹುಟ್ಟುಹಬ್ಬ ಆಚರಿಸುವವರೂ ಇದ್ದಾರೆ, ಆಚರಿಸದವರೂ ಇದ್ದಾರೆ. ಕ್ರೈಸ್ತರಲ್ಲಿ ಯೆಹೋವನ ಸಾಕ್ಷಿಗಳು ಆಚರಿಸುವುದೇ ಇಲ್ಲ. ಮನೆಯಲ್ಲಿ ಎಂದೂ ಆ ಸಡಗರ ಕಾಣದಿದ್ದರೆ ಗ್ರೂಪಿನಲ್ಲಿ ಎಲ್ಲರೆದುರು ಶುಭಾಶಯ ಹೇಳಿ ಅವರನ್ನು ಉತ್ತರ ಕೊಡುವ ಇಕ್ಕಟ್ಟಿಗೆ ಸಿಲುಕಿಸಬೇಡಿ.

ತುಂಗಾತೀರ
ನಿಜ. ವರ್ಷದೊಳಗೆ ಮನೆಯಲ್ಲಿ ಸಾವಾಗಿದ್ದರೂ ಇದೇ ಎಚ್ಚರ ಬೇಕು. ಬಹಳ ಮನೆಗಳಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ಆಗ ‘ಹುಟ್ಟುಹಬ್ಬ’ದ ‘ಹಬ್ಬ’ ಕಿವಿಗೆ ಬಡಿಯುತ್ತದೆ. ‘ಇಂದು ನಿಮ್ಮ ಜನ್ಮದಿನ ಎಂದು ನೆನಪಾಯಿತು. ಆರೋಗ್ಯ ನೋಡಿಕೊಳ್ಳಿ’ ಎಂದು ನಿಲ್ಲಿಸಿ. ಇಲ್ಲಿ ಮಾತ್ರ ‘ನೋಡಿಕೊಳ್ಳಿ’ ಎಂಬ ನೇರ ಮಾತು ಹಿತವಾಗಿ ಕೇಳುತ್ತದೆ.

ಎಡಿಸನ್ ಕನ್ನಡಿಗ
ಅಮೆರಿಕದಿಂದ ಊರಿನ ಹಳೆಯ ನೆರೆಯವರಿಗೆ ಕಳಿಸುವಾಗ ನಾವೆಲ್ಲ ಇಲ್ಲಿಯ ರಾತ್ರಿ 12ಕ್ಕೆ ಕಳಿಸುತ್ತೇವೆ, ಆಗ ಊರಿನಲ್ಲಿ ಹುಟ್ಟುಹಬ್ಬ ಶುರುವಾಗಿರುತ್ತದೆ. ಸರಿ ತಾನೇ?

ಅಂಚೆಪೆಟ್ಟಿಗೆ
ಶುರುವಾಗಿರುವುದು ಸರಿ, ಆದರೆ ಊರಿನಲ್ಲಿ ಆಗಲೇ ಬೆಳಿಗ್ಗೆ ಒಂಬತ್ತೂವರೆ. ಬೇಸಿಗೆಯಲ್ಲಿ ನಿಮ್ಮ ಪೂರ್ವ ಕರಾವಳಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ. ಅಲ್ಲಿ ಹಿಂದಿನ ರಾತ್ರಿ 10:30ಕ್ಕೆ ಕಳಿಸಿದರೆ ಇಲ್ಲಿ 8 ಗಂಟೆ, ಸ್ನಾನ ಕಾಫಿ ಮುಗಿಸಿ ಫೋನ್ ಹಿಡಿಯುವ ಹೊತ್ತು. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದೆ ಹಾಕಿದ ಮೇಲೆ ರಾತ್ರಿ 9:30ಕ್ಕೇ ಕಳಿಸಬೇಕು.

ಇಲ್ಲೇ ಇರುವವರು ನಡುರಾತ್ರಿ 12ಕ್ಕೆ ಕಳಿಸುವುದು ಗೆಳೆಯರಿಗೆ ಸರಿ. ಹಿರಿಯರ ಫೋನ್ ತಲೆದಿಂಬಿನ ಪಕ್ಕ ಇರುತ್ತದೆ. ಆ ಹೊತ್ತಿನಲ್ಲಿ ಅದು ಸದ್ದು ಮಾಡಿದರೆ ಯಾರಿಗೆ ಏನಾಯಿತೋ ಎಂದು ಎದ್ದು ಕೂರುತ್ತಾರೆ.

ಸೊಸೆಮುದ್ದು
ಹೂವು, ದೀಪ ಇರುವ ಚಿತ್ರ ಕಳಿಸಿದರೆ? ನೋಡಲು ಚೆನ್ನಾಗಿರುತ್ತದೆ.

ಕಾಗುಣಿತ
ಚಿತ್ರದ ಮೇಲಿನ ಅಕ್ಷರ ಮೊದಲು ಓದಿ. ಹತ್ತರಲ್ಲಿ ಕೆಲವು ‘ಶುಭಾಷಯ’ವೇ, ತಿದ್ದಲೂ ಆಗದು. ಮೂಲೆಯಲ್ಲಿ ಯಾವುದೋ ಅಂಗಡಿಯ ಹೆಸರೋ ಪುಟದ ಮೊಹರೋ ಇರುತ್ತದೆ. ಬಂದದ್ದನ್ನು ಹಾಗೇ ದಾಟಿಸಿದರೆ ಮೇಲೆ ಫಾರ್ವರ್ಡ್ ಎಂಬ ಗುರುತು ಕಾಣುತ್ತದೆ, 2018ರಿಂದ ವಾಟ್ಸಾಪ್ ಅದನ್ನು ತೋರಿಸುತ್ತಿದೆ. ನಿಮಗೆ ಬಂದ ಎಂಜಲು ಶುಭಾಶಯ ಅವರಿಗೆ ಹೋಯಿತು ಎಂದು ಗೊತ್ತಾಗಿಯೇ ಆಗುತ್ತದೆ. ಬೆರಳಿನಿಂದ ಟೈಪಿಸಿದ ಒಂದೂವರೆ ಸಾಲು ಇದಕ್ಕಿಂತ ವಾಸಿ. ಕಣ್ಣು ಮಂದವಾದವರಿಗೂ ಅದೇ ಅನುಕೂಲ, ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು.

ಕೆಳಮನೆ102
ಈಗಿನ ಸ್ಥಿತಿ. ಸೊಸೆಯವರನ್ನು ಕೇಳಿದೆ (ತಿಥಿ ಅನ್ನಲಿಲ್ಲ!). ಜೂನ್ 1 ಶಾಲೆಯದ್ದೇ. ನಿಜವಾದದ್ದು ಶ್ರಾವಣದಲ್ಲಂತೆ, ಮನೆಯಲ್ಲಿ ಅವತ್ತು ಪಾಯಸ. ಆದರೆ ಮೊಮ್ಮಕ್ಕಳು ಜೂನ್ 1ಕ್ಕೆ ಕೇಕ್ ತರುತ್ತಾರೆ, ರಾಯರೂ ಬೇಡ ಅನ್ನುವುದಿಲ್ಲವಂತೆ. ಯಾವುದಕ್ಕೆ ಕಳಿಸಲಿ? ಇದು ಹೊಸ ಕರಡು:

“ನಮಸ್ಕಾರ ರಾಯರೇ. ಹುಟ್ಟುಹಬ್ಬದ ಶುಭಾಶಯಗಳು. ನಿಮ್ಮ ಆರೋಗ್ಯ, ಸುಖ, ಸಂತೋಷ, ಸಮೃದ್ಧಿ ಸದಾ ಹೀಗೇ ಇರಲಿ, ತಮ್ಮ ಆಶೀರ್ವಾದ ನಮ್ಮ ಮೇಲಿರಲಿ. ಕೆಳಗಿನ ಮನೆ 102ರವರು.”

ತುಂಗಾತೀರ
ಬಹಳ ಹತ್ತಿರ ಬಂದಿದೆ. ‘ನಿಮ್ಮ’ ಎಂದು ಶುರು ಮಾಡಿ ‘ತಮ್ಮ’ ಎಂದು ಮುಗಿಸಿದ್ದೀರಿ, ಒಂದನ್ನೇ ಹಿಡಿಯಿರಿ. ದಿನಾ ‘ನೀವು’ ಎಂದೇ ಮಾತಾಡುವವರಿಗೆ ‘ನಿಮ್ಮ’ ಸಾಕು. ನಾಲ್ಕು ಹಾರೈಕೆ ಸಾಲಾಗಿ ನಿಂತರೆ ಯಾವುದೂ ಕಿವಿಗೆ ಬೀಳುವುದಿಲ್ಲ, ಎರಡು ಇಟ್ಟುಕೊಳ್ಳಿ. ‘ಹೀಗೇ ಇರಲಿ’ ಬೇಡ. ಅವರಿಗೆ ಮೊಣಕಾಲು ನೋವಿದ್ದರೆ ಅದೂ ಹೀಗೇ ಇರಲಿ ಎಂದಾಗುತ್ತದೆ. ಆಶೀರ್ವಾದ ಕೇಳುವುದು ನಿಮ್ಮಿಷ್ಟ. ಮೆಟ್ಟಿಲ ಪರಿಚಯಕ್ಕೆ ನನಗೆ ಒಂದು ಮೆಟ್ಟಿಲು ಹೆಚ್ಚೆನಿಸುತ್ತದೆ.

ಹಳೆಬೇರು
ಆಶೀರ್ವಾದ ತೆಗೆಯಬೇಡಿ. ಹಿರಿಯರಿಗೆ ಬರೆದು ಅದನ್ನು ಕೇಳದಿದ್ದರೆ ಬರೀ ಚೀಟಿಯಾಗುತ್ತದೆ.

ಅಂಚೆಪೆಟ್ಟಿಗೆ
102ರವರು ಎಂದಷ್ಟೇ ಬೇಡ, ಹೆಸರೂ ಹಾಕಿ. ಬಾಡಿಗೆ ಮನೆಗಳಲ್ಲಿ ಮನೆ ಸಂಖ್ಯೆ ಉಳಿಯುತ್ತದೆ, ಜನ ಬದಲಾಗುತ್ತಾರೆ.

ದಿನದ ಬಗ್ಗೆ ನನ್ನ ಮಾತು: ಜೂನ್ 1ಕ್ಕೆ ಮನೆಯವರು ಒಪ್ಪಿ ಕೇಕ್ ತರುವುದಾದರೆ ಅವತ್ತೇ ಕಳಿಸಿ. ಶ್ರಾವಣದ್ದು ಮನೆಯೊಳಗಿನ ದಿನ. ಸೊಸೆಯನ್ನು ಕೇಳಿ ತಿಳಿದುಕೊಂಡದ್ದನ್ನು ಮೆಟ್ಟಿಲ ಪರಿಚಯದವರು ಎತ್ತಿ ಆಡಿದರೆ ಹಿರಿಯರಿಗೆ ಸಂಕೋಚ.

ತುಂಗಾತೀರ
ನಾನು ಉಲ್ಟಾ ಹೇಳುತ್ತೇನೆ. ಜೂನ್ 1ಕ್ಕೆ ಪಿಂಚಣಿ ಬ್ಯಾಂಕು, ವಿಮೆಯವರು, ಅಸೋಸಿಯೇಷನ್ ಎಲ್ಲರೂ ಕಳಿಸುತ್ತಾರೆ. ಶ್ರಾವಣದಲ್ಲಿ ಮೆಟ್ಟಿಲಲ್ಲಿ ಸಿಕ್ಕಾಗ ಬಾಯಿಮಾತಿನಲ್ಲಿ ಹೇಳಿದರೆ ಮೆಸೇಜೇ ಬೇಕಿಲ್ಲ.

ಧಾರವಾಡ ಪೇಢೆ
ಎರಡೂ ದಿನ ಹೇಳ್ರೆಲ್ಲಾ, ರೊಕ್ಕ ಬೀಳತಾವೇನು?

ಬ್ಯಾನರ್ ಬಸವ
ಒಂದು ವೇಳೆ ದಿನ ತಪ್ಪಿದರೆ ‘ತಡವಾದ ಹುಟ್ಟುಹಬ್ಬದ ಶುಭಾಶಯಗಳು’ ಅಂತ ಹಾಕಿ. ಮುಂಚೆ ಕಳಿಸಿದರೆ ‘ಮುಂಗಡ ಶುಭಾಶಯಗಳು’.

ಕಾಗುಣಿತ
ಬಸವ ಅವರೇ, ಹಾಗೆ ಬರೆದರೆ ತಡವಾದದ್ದು ಹುಟ್ಟುಹಬ್ಬ ಎಂದಾಯಿತು. ‘ನಿನ್ನೆ ನಿಮ್ಮ ಹುಟ್ಟುಹಬ್ಬವೆಂದು ಈಗ ತಿಳಿಯಿತು, ಶುಭಾಶಯಗಳು’ ಎಂದರೆ ಸಾಕು, ಎರಡು ಮೂರು ದಿನದವರೆಗೂ ನಡೆಯುತ್ತದೆ. ವಾರ ದಾಟಿದರೆ ಸುಮ್ಮನಿರಿ. ಇನ್ನು ಮುಂಗಡ ಕೊಡುವುದು ಮನೆ ಬಾಡಿಗೆಗೆ.

ಕೆಳಮನೆ102
ಜೂನ್ 1ಕ್ಕೇ ಕಳಿಸುತ್ತೇನೆ, ಬೆಳಿಗ್ಗೆ ಎಂಟೂವರೆಗೆ, ಗ್ರೂಪಿನಲ್ಲಿ ಅಲ್ಲ, ಅವರ ನಂಬರಿಗೆ. ಆಶೀರ್ವಾದದ ಸಾಲು ತೆಗೆದಿದ್ದೇನೆ, ಹಳೆಬೇರು ಅವರು ಕ್ಷಮಿಸಬೇಕು. ಕೊನೆಗೆ ಉಳಿದದ್ದು:

“ನಮಸ್ಕಾರ ರಾಯರೇ. ಹುಟ್ಟುಹಬ್ಬದ ಶುಭಾಶಯಗಳು. ಆರೋಗ್ಯ, ನೆಮ್ಮದಿ ಸದಾ ಇರಲಿ.
ಪ್ರಭಾಕರ ಮತ್ತು ಮನೆಯವರು, ಕೆಳಗಿನ ಮನೆ 102”

ಹಳೆಬೇರು
ಶ್ರಾವಣದಲ್ಲಿ ಪಾಯಸ ಕೊಡಲು ಕರೆದರೆ ಅವತ್ತಾದರೂ ಕಾಲಿಗೆ ನಮಸ್ಕಾರ ಮಾಡಿ.

ಸೊಸೆಮುದ್ದು
ಅಂಗಡಿಯವನು ಮತ್ತೆ ‘ಷಷ್ಠಿ’ ಅಂತಲೇ ಅಚ್ಚು ಹಾಕಿದ್ದಾನೆ. ಐವತ್ತು ಕಾರ್ಡು. ಒತ್ತಕ್ಷರವನ್ನು ಪೆನ್ನಿನಲ್ಲಿ ತಿದ್ದಿದರೆ ಕಾಣುತ್ತದಾ?

ಕಾಗುಣಿತ
ಕಾಣುತ್ತದೆ. ತಿದ್ದದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಹೊಳಪಿನ ಕಾಗದವಾದರೆ ಪೆನ್ನಿನ ಶಾಯಿ ಹರಡುತ್ತದೆ, ಆ ಪದದ ಮೇಲೆ ‘ಅರವತ್ತರ’ ಎಂದು ಅಚ್ಚು ಹಾಕಿದ ಸಣ್ಣ ಚೀಟಿ ಅಂಟಿಸಿ.